ಫೋಟೋದಲ್ಲಿರುವ ರೈಲು ಎಂಜಿನ್ ಮತ್ತು ಬೋಗಿಗಳನ್ನು ಗುರುತಿಸಿ, ಅವುಗಳ ಮೇಲಿನ ಬರಹವನ್ನು ಓದುವ ಕ್ರಮ

ರೈಲಿನ ಫೋಟೋ ನೋಡಿ ಎಂಜಿನ್ ಯಾವುದು, ಬೋಗಿ ಯಾವುದು ಎಂದು ಹೇಳಲು ಹೊರಟವರಲ್ಲಿ ಬಹಳ ಮಂದಿ ಒಂದೇ ಜಾಗದಲ್ಲಿ ಎಡವುತ್ತಾರೆ: ಅವರು ಬಣ್ಣದಿಂದ ಆರಂಭಿಸುತ್ತಾರೆ. ಬಿಳಿ ಮೈಗೆ ಕೆಂಪು ಪಟ್ಟಿ ಕಂಡರೆ ಪ್ರಯಾಣಿಕ ಎಂಜಿನ್, ಹಸಿರು ಕಂಡರೆ ಗೂಡ್ಸ್ ಎಂಜಿನ್, ಕೆಂಪು ಬೋಗಿ ಕಂಡರೆ ಹೊಸದು, ನೀಲಿ ಕಂಡರೆ ಹಳೆಯದು ಎಂದು ತೀರ್ಮಾನಿಸಿ, ಆಮೇಲೆ ಕಂಡದ್ದನ್ನೆಲ್ಲ ಆ ತೀರ್ಮಾನಕ್ಕೆ ಹೊಂದಿಸುತ್ತಾರೆ. ಬಣ್ಣವನ್ನು ಕಾರ್ಖಾನೆಯಲ್ಲಿ ಯಾವಾಗ ಬೇಕಾದರೂ ಬದಲಾಯಿಸಬಹುದು. ಗಾಲಿಗಳ ಸಂಖ್ಯೆಯನ್ನು, ಬಫರ್ ಇರುವುದನ್ನು, ಕಿಟಕಿಗಳ ಲೆಕ್ಕವನ್ನು ಅಷ್ಟು ಸುಲಭವಾಗಿ ಬದಲಾಯಿಸಲಾಗುವುದಿಲ್ಲ. ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ರಚನೆ ಮೊದಲು, ಬರಹ ನಂತರ, ಬಣ್ಣ ಎಲ್ಲಕ್ಕಿಂತ ಕೊನೆಗೆ. ಈ ಬರಹ ಭಾರತೀಯ ರೈಲ್ವೆಯ ಬ್ರಾಡ್‌ಗೇಜ್ ಎಂಜಿನ್ ಹಾಗೂ ಅವು ಎಳೆಯುವ ಮೇಲ್, ಎಕ್ಸ್‌ಪ್ರೆಸ್ ಬೋಗಿಗಳಿಗೆ ಸೀಮಿತ. ವಂದೇ ಭಾರತ್‌ನಂತಹ, ಪ್ರತ್ಯೇಕ ಎಂಜಿನ್ ಇಲ್ಲದ ಗಾಡಿಗಳಿಗೆ ಈ ಕ್ರಮ ಅನ್ವಯಿಸುವುದಿಲ್ಲ.

## ಮೊದಲು ಬೇಕಾದವು

ಮೂಲ ಫೋಟೋ, ಅದನ್ನು ಹಿಗ್ಗಿಸಿ ನೋಡಲು ಕಂಪ್ಯೂಟರಿನ ಪರದೆ, ಬೆಳಕು ಮತ್ತು ಕಾಂಟ್ರಾಸ್ಟ್ ಹೊಂದಿಸುವ ಯಾವುದಾದರೂ ಸರಳ ತಂತ್ರಾಂಶ, ಮತ್ತು ಒಂದು ಹಾಳೆ. ವಾಟ್ಸ್‌ಆ್ಯಪ್‌ನಲ್ಲಿ ಹಲವರ ಕೈದಾಟಿ ಬಂದ ಫೋಟೋದಲ್ಲಿ ಅಂಕಿಗಳ ಅಂಚು ಕರಗಿಹೋಗಿರುತ್ತದೆ; 3, 6, 8, 9 ಎಂಬ ನಾಲ್ಕು ಅಂಕಿಗಳು ಒಂದರಂತೆ ಒಂದು ಕಾಣುತ್ತವೆ. ಸಾಧ್ಯವಾದರೆ ತೆಗೆದವರಿಂದ ಮೂಲ ಕಡತವನ್ನೇ ಕೇಳಿ ಪಡೆಯಬೇಕು.

ಹಾಳೆ ಏಕೆಂದರೆ, ಪ್ರತಿ ಗುರುತನ್ನೂ ಕಂಡ ಕೂಡಲೇ ಬರೆದಿಡಬೇಕು. "ಕಂಡದ್ದು" ಮತ್ತು "ಊಹಿಸಿದ್ದು" ಎಂದು ಎರಡು ಅಂಕಣ ಮಾಡಿಕೊಂಡರೆ ಸಾಕು. ಮರದ ಕೊಂಬೆಯ ಹಿಂದೆ ಮರೆಯಾದ ಗಾಲಿ ಊಹೆಯ ಅಂಕಣಕ್ಕೆ ಸೇರಬೇಕು, ಅದು ಅಲ್ಲಿರುವುದು ಎಷ್ಟೇ ಖಚಿತ ಎನಿಸಿದರೂ.

ನೀವೇ ಫೋಟೋ ತೆಗೆಯುವವರಾದರೆ, ಪ್ಲಾಟ್‌ಫಾರ್ಮಿನ ಹಳದಿ ಗೆರೆಯ ಒಳಗೇ ನಿಂತು, ನಿಂತ ರೈಲಿನ ಬೋಗಿಯ ಒಂದು ತುದಿ ಮತ್ತು ಅದರ ಕೆಳಗಿನ ಗಾಲಿಗಳು ಒಟ್ಟಿಗೆ ಬರುವಂತೆ ತೆಗೆಯಿರಿ. ಬೋಗಿಯ ಬಗ್ಗೆ ತಿಳಿಯಬೇಕಾದುದರ ಬಹುಪಾಲು ಆ ಒಂದೂವರೆ ಮೀಟರ್ ಜಾಗದಲ್ಲೇ ಇರುತ್ತದೆ. ಎಂಜಿನ್ನಿನ ಮುಖದ ಫೋಟೋ ನೋಡಲು ಚೆಂದ, ಗುರುತಿಸಲು ಅಷ್ಟು ಉಪಯೋಗವಿಲ್ಲ.

## ಹಂತ 1: ಎಂಜಿನ್ನಿನ ಚಾವಣಿ ನೋಡಿ

ಚಾವಣಿಯ ಮೇಲೆ, ಮೇಲಿನ ತಂತಿಯಿಂದ ವಿದ್ಯುತ್ ಪಡೆಯುವ ಚೌಕಟ್ಟಾದ ಪ್ಯಾಂಟೋಗ್ರಾಫ್ ಮಡಿಚಿಯೋ ಎತ್ತಿಯೋ ಇದ್ದರೆ ಅದು ವಿದ್ಯುತ್ ಎಂಜಿನ್. ಮೇಲೆ ತಂತಿ ಇರುವುದನ್ನು ಮಾತ್ರ ನೋಡಿ ವಿದ್ಯುತ್ ಎಂಜಿನ್ ಎನ್ನಬಾರದು, ಏಕೆಂದರೆ ವಿದ್ಯುದೀಕರಣವಾದ ಮಾರ್ಗದಲ್ಲೂ ಡೀಸೆಲ್ ಎಂಜಿನ್ ಓಡುತ್ತದೆ. ಹಾಗೆಯೇ ಪ್ಯಾಂಟೋಗ್ರಾಫ್ ಕೆಳಗಿಳಿದಿದ್ದರೆ ಎಂಜಿನ್ ಕೆಟ್ಟಿದೆ ಎಂದೂ ಅರ್ಥವಲ್ಲ; ಎರಡು ಎಂಜಿನ್ ಜೋಡಿಸಿದಾಗ ಒಂದನ್ನು ಸುಮ್ಮನೆ ಎಳೆದೊಯ್ಯುವುದುಂಟು.

ಡೀಸೆಲ್ ಎಂಜಿನ್ನುಗಳಲ್ಲಿ ಹೆಚ್ಚಿನವಕ್ಕೆ ಚಾಲಕನ ಕೊಠಡಿ ಒಂದೇ. ಅದು ಒಂದು ತುದಿಯ ಹತ್ತಿರವಿದ್ದು, ಅದರ ಮುಂದೆ ಗಿಡ್ಡ ಮೂತಿ, ಹಿಂದೆ ಉದ್ದನೆಯ ಮೂತಿ ಇರುತ್ತದೆ. ಎಂಜಿನ್ ಉದ್ದ ಮೂತಿಯನ್ನು ಮುಂದೆ ಮಾಡಿಕೊಂಡು ಓಡುತ್ತಿರುವ ಫೋಟೋದಲ್ಲಿ ಚಾಲಕನ ಕಿಟಕಿಗಳು ದೂರ ಹಿಂದೆ, ಇಕ್ಕಟ್ಟಾಗಿ ಕಾಣುತ್ತವೆ. ಇಂಥ ಫೋಟೋ ನೋಡಿ "ಇದು ಹಿಂದಿನಿಂದ ತೆಗೆದದ್ದು" ಎಂದುಕೊಳ್ಳುವುದು ಸಾಮಾನ್ಯ ತಪ್ಪು. ರೈಲಿನ ನಿಜವಾದ ಬಾಲವನ್ನು ಗುರುತಿಸಲು ಕೊನೆಯ ಬೋಗಿಯ ಹಿಂಗೋಡೆಯ ಮೇಲಿನ ದೊಡ್ಡ ಹಳದಿ ಗುಣಾಕಾರದ ಗುರುತನ್ನೂ, ಅಲ್ಲಿ ತೂಗುಹಾಕಿದ ಎಲ್‌ವಿ ಫಲಕವನ್ನೂ ನೋಡಬೇಕು. ಎಲ್‌ವಿ ಎಂದರೆ ಇದೇ ಕೊನೆಯ ವಾಹನ, ಇದರ ಹಿಂದೆ ಏನೂ ಕಳಚಿ ಉಳಿದಿಲ್ಲ ಎಂದು ದಾರಿಯ ಸಿಬ್ಬಂದಿಗೆ ತಿಳಿಸುವ ಗುರುತು.

## ಹಂತ 2: ಒಂದು ಬದಿಯ ಗಾಲಿಗಳನ್ನು ಎಣಿಸಿ

ಎಂಜಿನ್ನಿನ ಒಂದು ಬದಿಯಲ್ಲಿ ಕಾಣುವ ಗಾಲಿಗಳ ಎಣಿಕೆ ಅತ್ಯಂತ ನಂಬಲರ್ಹ ಗುರುತು, ಆದರೂ ಬಹಳ ಮಂದಿ ಇದನ್ನು ಮಾಡುವುದೇ ಇಲ್ಲ. ಈಗಿನ ಪ್ರಯಾಣಿಕ ವಿದ್ಯುತ್ ಎಂಜಿನ್ನುಗಳಲ್ಲಿ ಡಬ್ಲ್ಯೂಎಪಿ-4 ಮತ್ತು ಡಬ್ಲ್ಯೂಎಪಿ-7 ಎರಡಕ್ಕೂ ಒಂದು ಬದಿಯಲ್ಲಿ ಆರು ಗಾಲಿ, ಮೂರು ಮೂರರ ಎರಡು ಗುಂಪು. ಡಬ್ಲ್ಯೂಎಪಿ-5ಕ್ಕೆ ನಾಲ್ಕೇ ಗಾಲಿ, ಎರಡೆರಡರ ಗುಂಪು. ಮುಖ ಮಾತ್ರ ನೋಡಿ 5 ಮತ್ತು 7ರ ನಡುವೆ ಗೊಂದಲಪಡುವವರಿಗೆ ಗಾಲಿ ಎಣಿಸಿದ ಕ್ಷಣವೇ ಉತ್ತರ ಸಿಗುತ್ತದೆ.

ಒಂದಕ್ಕೊಂದು ಅಂಟಿಕೊಂಡ ಎರಡು ಭಾಗಗಳ ಎಂಜಿನ್, ಪ್ರತಿ ಭಾಗಕ್ಕೂ ಬದಿಯಲ್ಲಿ ನಾಲ್ಕು ಗಾಲಿಯಂತೆ ಒಟ್ಟು ಎಂಟು ಕಂಡರೆ ಅದು ಬಿಹಾರದ ಮಧೇಪುರದಲ್ಲಿ ತಯಾರಾಗುವ ಡಬ್ಲ್ಯೂಎಜಿ-12. ಇದನ್ನು ಎರಡು ಎಂಜಿನ್ ಎಂದು ಬರೆಯುವವರಿದ್ದಾರೆ. ಎರಡೂ ಭಾಗಕ್ಕೆ ಒಂದೇ ಸಂಖ್ಯೆ ಇರುವುದನ್ನು ನೋಡಿದರೆ ಅನುಮಾನ ತೀರುತ್ತದೆ.

ಆರು ಗಾಲಿಯ ಎರಡರಲ್ಲಿ ಡಬ್ಲ್ಯೂಎಪಿ-4ರ ಪಕ್ಕದ ಗೋಡೆಯಲ್ಲಿ ಗಾಳಿಗಾಗಿ ಮಾಡಿದ ಜಾಲರಿಗಳ ಸಾಲು ಎದ್ದು ಕಾಣುತ್ತದೆ. ಡಬ್ಲ್ಯೂಎಪಿ-7ರ ಪಕ್ಕ ಬಹುಪಾಲು ಸಪಾಟು. ಕಷ್ಟವಿರುವುದು ಡಬ್ಲ್ಯೂಎಪಿ-7 ಮತ್ತು ಗೂಡ್ಸ್ ಎಂಜಿನ್ ಡಬ್ಲ್ಯೂಎಜಿ-9ರ ನಡುವೆ. ಇವೆರಡೂ ಒಂದೇ ಮೈಕಟ್ಟಿನವು. ಮುಖ್ಯ ವ್ಯತ್ಯಾಸವಿರುವುದು ಒಳಗಿನ ಗೇರಿನ ಅನುಪಾತದಲ್ಲಿ, ಅದು ಫೋಟೋದಲ್ಲಿ ಕಾಣುವಂಥದ್ದಲ್ಲ. ಬಿಳಿ ಮತ್ತು ಕೆಂಪು ಬಣ್ಣ 7ಕ್ಕೆ, ಹಸಿರು 9ಕ್ಕೆ ಎಂಬುದು ವಾಡಿಕೆ ಹೌದು, ಆದರೆ ಜಾಹೀರಾತು ಅಂಟಿಸಿದ ಎಂಜಿನ್ನುಗಳೂ ವಿಶೇಷ ಬಣ್ಣ ಬಳಿದವೂ ಇವೆ. ಎಳೆಯುತ್ತಿರುವ ಗಾಡಿಯನ್ನು ನೋಡಿಯೂ ತೀರ್ಮಾನಿಸುವಂತಿಲ್ಲ, ಏಕೆಂದರೆ ಡಬ್ಲ್ಯೂಎಜಿ-9 ಪ್ರಯಾಣಿಕ ಗಾಡಿಯನ್ನೂ ಎಳೆಯುವುದುಂಟು. ಇಲ್ಲಿ ಬರಹವೊಂದೇ ಗತಿ. ಬರಹ ಓದಲಾಗದಿದ್ದರೆ "ಡಬ್ಲ್ಯೂಎಪಿ-7 ಅಥವಾ ಡಬ್ಲ್ಯೂಎಜಿ-9" ಎಂದು ಬರೆದು ನಿಲ್ಲಿಸುವುದೇ ಸರಿ.

## ಹಂತ 3: ಎಂಜಿನ್ನಿನ ವರ್ಗ ಮತ್ತು ಸಂಖ್ಯೆಯನ್ನು ಓದಿ

ಎಂಜಿನ್ನಿನ ಎರಡು ಮುಖಗಳ ಮೇಲೂ ಎರಡು ಪಕ್ಕಗಳ ಮೇಲೂ ವರ್ಗದ ಹೆಸರು ಮತ್ತು ಐದಂಕಿಯ ಸಂಖ್ಯೆ ಇರುತ್ತದೆ. ಪಕ್ಕದಲ್ಲಿ ದೇವನಾಗರಿಯಲ್ಲೂ ಬರೆದಿರುವುದುಂಟು. ಒಂದು ಲಿಪಿಯಲ್ಲಿ ಅಳಿಸಿದ ಅಂಕಿ ಇನ್ನೊಂದರಲ್ಲಿ ಉಳಿದಿರಬಹುದು. ಬರಹ ಸಾಮಾನ್ಯವಾಗಿ ಹೀಗಿರುತ್ತದೆ:

```
WAP-7
30412
```

ಮೊದಲ ಅಕ್ಷರ ಹಳಿಯ ಅಗಲವನ್ನು ಹೇಳುತ್ತದೆ: ಡಬ್ಲ್ಯೂ ಬ್ರಾಡ್‌ಗೇಜ್, ವೈ ಮೀಟರ್‌ಗೇಜ್, ಝಡ್ ನ್ಯಾರೋಗೇಜ್. ಎರಡನೆಯದು ಶಕ್ತಿಯ ಮೂಲ: ಡಿ ಡೀಸೆಲ್, ಎ ಪರ್ಯಾಯ ವಿದ್ಯುತ್. ಮೂರನೆಯದು ಕೆಲಸ: ಪಿ ಪ್ರಯಾಣಿಕ, ಜಿ ಗೂಡ್ಸ್, ಎಂ ಎರಡಕ್ಕೂ, ಎಸ್ ಶಂಟಿಂಗ್.

ಕೊನೆಯ ಅಂಕಿಯ ಬಗ್ಗೆ ಎಚ್ಚರ ಬೇಕು. ಡೀಸೆಲ್ ಎಂಜಿನ್ನುಗಳಲ್ಲಿ ಅದು ಅಶ್ವಶಕ್ತಿಯನ್ನು ಸಾವಿರಗಳಲ್ಲಿ ಸೂಚಿಸುತ್ತದೆ, ಹಿಂದಿರುವ ಅಕ್ಷರ ನೂರುಗಳನ್ನು ಸೂಚಿಸುತ್ತದೆ. ಡಬ್ಲ್ಯೂಡಿಎಂ-3ಎ ಎಂದರೆ 3100 ಅಶ್ವಶಕ್ತಿ, ಡಬ್ಲ್ಯೂಡಿಜಿ-4 ಎಂದರೆ 4000. ಡಬ್ಲ್ಯೂಡಿಎಂ-2ರಂತಹ ಹಳೆಯ ಹೆಸರುಗಳು ಈ ಪದ್ಧತಿಗೆ ಮೊದಲಿನವು, ಅವಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಹೊಸ ಹೆಸರುಗಳಲ್ಲೂ ಅಕ್ಷರದ ಲೆಕ್ಕ ಎಲ್ಲ ಕಡೆ ಕರಾರುವಾಕ್ಕಾಗಿ ಹೊಂದುವುದಿಲ್ಲ. ವಿದ್ಯುತ್ ಎಂಜಿನ್ನುಗಳಲ್ಲಿ ಅಂಕಿ ಕೇವಲ ವಿನ್ಯಾಸದ ಅನುಕ್ರಮ. ಡಬ್ಲ್ಯೂಎಪಿ-7ರ ಶಕ್ತಿ ಸುಮಾರು 6350 ಅಶ್ವಶಕ್ತಿಯೇ ಹೊರತು 7000 ಅಲ್ಲ. ಡಬ್ಲ್ಯೂಎಜಿ-12 ಮಾತ್ರ ನಿಜಕ್ಕೂ 12000 ಅಶ್ವಶಕ್ತಿಯದು; ಅದನ್ನೇ ನಿಯಮವೆಂದು ಹಿಡಿದವರು ಉಳಿದೆಲ್ಲದರಲ್ಲಿ ತಪ್ಪುತ್ತಾರೆ.

ಈಗ ವರ್ಗವನ್ನೂ ಸಂಖ್ಯೆಯನ್ನೂ ಒಂದರಿಂದ ಒಂದು ಪರೀಕ್ಷಿಸಬಹುದು. 300ರಿಂದ ಆರಂಭವಾಗುವ ಸಾಲು ಡಬ್ಲ್ಯೂಎಪಿ-5ರದು, 30201ರಿಂದ ಮೊದಲಾಗುವುದು ಡಬ್ಲ್ಯೂಎಪಿ-7ರದು, 31ರಿಂದ ಆರಂಭವಾಗುವ ಐದಂಕಿಗಳು ಡಬ್ಲ್ಯೂಎಜಿ-9ರವು, 222ರಿಂದ ಆರಂಭವಾಗುವವು ಡಬ್ಲ್ಯೂಎಪಿ-4ರವು, 60001ರಿಂದ ಮುಂದಿನವು ಡಬ್ಲ್ಯೂಎಜಿ-12ರವು. ಒಂದೊಂದು ವರ್ಗಕ್ಕೂ ಆಮೇಲೆ ಬೇರೆ ಸಾಲುಗಳು ಸೇರಿವೆ, ಉದಾಹರಣೆಗೆ ಡಬ್ಲ್ಯೂಎಪಿ-7ಕ್ಕೆ 37 ಮತ್ತು 39ರ ಸಾಲುಗಳು. ಆದ್ದರಿಂದ ಸಂಖ್ಯೆ ಈ ಪಟ್ಟಿಯಲ್ಲಿಲ್ಲ ಎಂದ ಮಾತ್ರಕ್ಕೆ ತಪ್ಪು ಎನ್ನಬಾರದು. ಆದರೆ ನೀವು "ಡಬ್ಲ್ಯೂಎಪಿ-7, 31412" ಎಂದು ಓದಿದ್ದರೆ ಎರಡರಲ್ಲೊಂದು ತಪ್ಪಾಗಿದೆ ಎಂದು ತಿಳಿದು ಮತ್ತೆ ಹಿಗ್ಗಿಸಿ ನೋಡಬೇಕು.

ಸಂಖ್ಯೆಯ ಆಸುಪಾಸಿನಲ್ಲಿ ಶೆಡ್ಡಿನ ಹೆಸರು ಅಥವಾ ಸಂಕೇತ ಇರುತ್ತದೆ. ಕೃಷ್ಣರಾಜಪುರಕ್ಕೆ ಕೆಜೆಎಂ, ಹುಬ್ಬಳ್ಳಿಗೆ ಯುಬಿಎಲ್, ಈರೋಡಿಗೆ ಇಡಿ, ಅರಕ್ಕೋಣಕ್ಕೆ ಎಜೆಜೆ, ಲಾಲಾಗುಡಕ್ಕೆ ಎಲ್‌ಜಿಡಿ. ಇದು ಎಂಜಿನ್ನಿನ ತವರು ಮಾತ್ರ. ಗಾಡಿ ಎಲ್ಲಿಂದ ಹೊರಟಿತು, ಫೋಟೋ ಎಲ್ಲಿ ತೆಗೆದದ್ದು ಎಂಬುದಕ್ಕೆ ಇದು ಸಾಕ್ಷಿಯಲ್ಲ. ಹುಬ್ಬಳ್ಳಿಯ ಎಂಜಿನ್ ಮೀರಜಿನಲ್ಲೂ ನಿಂತಿರಬಹುದು.

## ಹಂತ 4: ಬೋಗಿ ಐಸಿಎಫ್ ಮಾದರಿಯೋ ಎಲ್‌ಎಚ್‌ಬಿಯೋ ನಿರ್ಧರಿಸಿ

ಬೋಗಿಯ ಮೇಲಿನ ಬರಹ ಓದುವುದಕ್ಕೆ ಮೊದಲು ಇದನ್ನು ಮಾಡಿಕೊಳ್ಳಬೇಕು, ಏಕೆಂದರೆ ಸಂಖ್ಯೆಯನ್ನು ಅರ್ಥಮಾಡಿಕೊಳ್ಳುವ ರೀತಿ ಮಾದರಿಗೆ ತಕ್ಕಂತೆ ಬೇರೆಯಾಗುತ್ತದೆ. ಐಸಿಎಫ್ ಎಂದರೆ ಚೆನ್ನೈನ ಪೆರಂಬೂರಿನ ಕಾರ್ಖಾನೆಯ ಹಳೆಯ ವಿನ್ಯಾಸ. ಆ ಕಾರ್ಖಾನೆ 2018ರ ಜನವರಿಯಲ್ಲಿ ಈ ಮಾದರಿಯ ಕೊನೆಯ ಮುಖ್ಯಮಾರ್ಗದ ಬೋಗಿಯನ್ನು ಹೊರತಂದಿತು. ಎಲ್‌ಎಚ್‌ಬಿ ಜರ್ಮನ್ ಮೂಲದ ವಿನ್ಯಾಸ. ಎರಡನ್ನೂ ಬೇರ್ಪಡಿಸುವ ಗುರುತುಗಳನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋಗಿ.

ಮೊದಲು ಎರಡು ಬೋಗಿಗಳ ನಡುವಿನ ಜಾಗ. ಐಸಿಎಫ್ ಬೋಗಿಗಳ ತುದಿಯಲ್ಲಿ, ಎಡಕ್ಕೊಂದು ಬಲಕ್ಕೊಂದು ದುಂಡನೆಯ ಬಫರ್‌ಗಳಿದ್ದು, ಎದುರು ಬೋಗಿಯ ಬಫರ್‌ಗೆ ಒತ್ತಿಕೊಂಡಿರುತ್ತವೆ. ನಡುವೆ ತಿರುಪಿನ ಕೊಂಡಿ. ಎಲ್‌ಎಚ್‌ಬಿಯಲ್ಲಿ ಪಕ್ಕದ ಬಫರ್ ಇಲ್ಲ. ನಡುವಿನ ಒಂದೇ ಗಟ್ಟಿ ಕಪ್ಲರ್ ಎಳೆಯುವುದನ್ನೂ ತಳ್ಳುವುದನ್ನೂ ಮಾಡುತ್ತದೆ.

ಆಮೇಲೆ ಗಾಲಿಗಳು. ಐಸಿಎಫ್‌ನಲ್ಲಿ ಗಾಲಿಯ ಸುತ್ತಿಗೆ ಒತ್ತುವ ಬ್ರೇಕ್ ಕಟ್ಟೆಗಳು ಪಕ್ಕದಿಂದಲೇ ಕಾಣುತ್ತವೆ. ಎಲ್‌ಎಚ್‌ಬಿಯಲ್ಲಿ ಬ್ರೇಕ್ ತಟ್ಟೆಗಳು ಅಚ್ಚಿನ ಮೇಲೆ ಒಳಗಡೆ ಇರುವುದರಿಂದ ಗಾಲಿಯ ಸುತ್ತು ಬರಿದಾಗಿ ಕಾಣುತ್ತದೆ, ಮತ್ತು ಗಾಲಿ ಚೌಕಟ್ಟಿನಿಂದ ಬೋಗಿಯ ತಳಕ್ಕೆ ಅಡ್ಡಡ್ಡಲಾಗಿ ಹೋಗುವ ಉದ್ದನೆಯ ಡ್ಯಾಂಪರ್ ಕೊಳವೆ ಕಣ್ಣಿಗೆ ಬೀಳುತ್ತದೆ.

ಇವೆರಡನ್ನೂ ನೋಡಲೇಬೇಕು ಎನ್ನುವುದಕ್ಕೆ ಕಾರಣವಿದೆ. ಎಲ್‌ಎಚ್‌ಬಿಯ ಮೈಯನ್ನು ಐಸಿಎಫ್‌ನ ಗಾಲಿ ಚೌಕಟ್ಟಿನ ಮೇಲೆ ಕೂರಿಸಿದ ಹೈಬ್ರಿಡ್ ಬೋಗಿಗಳಿವೆ. ಐಸಿಎಫ್ ಮೈಗೆ ನಡುಗಪ್ಲರ್ ಅಳವಡಿಸಿದವೂ ಇವೆ. ಬಫರ್ ಒಂದನ್ನೇ ನೋಡಿ ತೀರ್ಮಾನಿಸಿದರೆ ಇವುಗಳಲ್ಲಿ ಖಂಡಿತ ಮೋಸಹೋಗುತ್ತೀರಿ. ಬಫರ್ ಒಂದು ಹೇಳಿ ಗಾಲಿ ಇನ್ನೊಂದು ಹೇಳುತ್ತಿದ್ದರೆ ಅದು ನಿಮ್ಮ ಕಣ್ಣಿನ ದೋಷವೇ ಆಗಿರಬೇಕಾಗಿಲ್ಲ. ಕಂಡದ್ದನ್ನು ಕಂಡಂತೆ ಬರೆದು ಮುಂದಿನ ಹಂತಕ್ಕೆ ಹೋಗಿ.

## ಹಂತ 5: ಕಿಟಕಿಗಳನ್ನು ಎಣಿಸಿ

ಐಸಿಎಫ್ ಬೋಗಿಯ ಉದ್ದ ಸುಮಾರು 21.3 ಮೀಟರ್, ಎಲ್‌ಎಚ್‌ಬಿಯದು ಸುಮಾರು 23.5 ಮೀಟರ್. ಓರೆಯಾಗಿ ತೆಗೆದ ಫೋಟೋದಲ್ಲಿ ಎರಡು ಮೀಟರಿನ ವ್ಯತ್ಯಾಸವನ್ನು ಕಣ್ಣಳತೆಯಲ್ಲಿ ಹೇಳಲು ಹೋಗಬಾರದು. ಬದಲಿಗೆ, ಆ ಹೆಚ್ಚಿನ ಉದ್ದದಲ್ಲಿ ಎಂಟು ಬರ್ತ್‌ಗಳ ಒಂದು ಇಡೀ ಅಂಕಣ ಹೆಚ್ಚಾಗಿ ಸೇರಿದೆ ಎಂಬುದನ್ನು ಬಳಸಿಕೊಳ್ಳಬಹುದು. ಐಸಿಎಫ್‌ನ ಎಸಿ ಮೂರು ಹಂತದ ಬೋಗಿಯಲ್ಲಿ 64 ಬರ್ತ್, ಅಂದರೆ ಎಂಟೆಂಟರ ಎಂಟು ಅಂಕಣ. ಎಲ್‌ಎಚ್‌ಬಿಯಲ್ಲಿ 72, ಅಂದರೆ ಒಂಬತ್ತು ಅಂಕಣ. ಎಸಿ ಬೋಗಿಯಲ್ಲಿ ಅಂಕಣಕ್ಕೊಂದು ಅಗಲ ಗಾಜು. ಹಾಗಾಗಿ ಎಂಟು ಅಗಲ ಗಾಜು ಕಂಡರೆ ಐಸಿಎಫ್ ಮೈ, ಒಂಬತ್ತು ಕಂಡರೆ ಎಲ್‌ಎಚ್‌ಬಿ ಮೈ. ಬಾಗಿಲ ಬಳಿಯ ಶೌಚಾಲಯದ ಚಿಕ್ಕ ಮಸುಕು ಗಾಜನ್ನು ಈ ಎಣಿಕೆಗೆ ಸೇರಿಸಬಾರದು.

ಸ್ಲೀಪರ್ ಬೋಗಿಯಲ್ಲೂ ಲೆಕ್ಕ ಇದೇ ಬಗೆಯದು: ಐಸಿಎಫ್‌ಗೆ 72 ಬರ್ತ್, ಒಂಬತ್ತು ಅಂಕಣ; ಎಲ್‌ಎಚ್‌ಬಿಗೆ 80, ಹತ್ತು ಅಂಕಣ. ಆದರೆ ಅಲ್ಲಿ ಕಿಟಕಿಗಳು ಚಿಕ್ಕವು, ಹೆಚ್ಚು, ಮತ್ತು ಕಂಬಿಗಳ ನಡುವೆ ಎಣಿಕೆ ತಪ್ಪುವುದು ಸುಲಭ; ಎರಡು ಸಲ, ಎರಡು ತುದಿಗಳಿಂದ ಎಣಿಸುವುದು ಒಳ್ಳೆಯದು.

ಈ ಎಣಿಕೆಗೆ ಎರಡು ಮಿತಿಗಳಿವೆ. ಎಸಿ ಎರಡು ಹಂತದ ಬೋಗಿಯನ್ನೂ ಮೂರು ಹಂತದ ಬೋಗಿಯನ್ನೂ ಇದು ಬೇರ್ಪಡಿಸುವುದಿಲ್ಲ, ಏಕೆಂದರೆ ಅಂಕಣಗಳ ಸಂಖ್ಯೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಎಸಿ ಮೂರು ಹಂತದ ಎಕಾನಮಿ ಬೋಗಿಯಲ್ಲಿ ಬರ್ತ್‌ಗಳನ್ನು ಇನ್ನಷ್ಟು ಒತ್ತಾಗಿ ಜೋಡಿಸಿರುವುದರಿಂದ ಅದಕ್ಕೆ ಈ ಲೆಕ್ಕವೇ ಅನ್ವಯಿಸುವುದಿಲ್ಲ.

## ಹಂತ 6: ಬೋಗಿಯ ಸಂಖ್ಯೆ ಮತ್ತು ಸಂಕೇತವನ್ನು ಬೇರೆಬೇರೆಯಾಗಿ ಓದಿ

ಬಾಗಿಲ ಪಕ್ಕದಲ್ಲಿ ಕಾಣುವ ಎಸ್5, ಬಿ2, ಎ1 ಎಂಬಂಥವು ಬೋಗಿಯ ಸಂಖ್ಯೆಗಳಲ್ಲ. ಅವು ಆ ದಿನದ ಗಾಡಿಯಲ್ಲಿ ಆ ಬೋಗಿಗೆ ಕೊಟ್ಟ ಸ್ಥಾನ. ಟಿಕೆಟ್ಟಿನಲ್ಲಿ ಬರುವುದು ಇದೇ. ಎಚ್ ಎಸಿ ಮೊದಲ ದರ್ಜೆ, ಎ ಎಸಿ ಎರಡು ಹಂತ, ಬಿ ಎಸಿ ಮೂರು ಹಂತ, ಎಂ ಎಕಾನಮಿ, ಎಸ್ ಸ್ಲೀಪರ್, ಸಿ ಎಸಿ ಚೇರ್‌ಕಾರ್, ಡಿ ಎರಡನೇ ದರ್ಜೆಯ ಆಸನ. ನಾಳೆ ಅದೇ ಬೋಗಿ ಎಸ್7 ಆಗಬಹುದು. ಗಾಡಿಯ ಸಂಖ್ಯೆಯೂ ಐದಂಕಿಯದಾದ್ದರಿಂದ ಅದನ್ನೂ ಬೋಗಿ ಸಂಖ್ಯೆಯೆಂದು ತಿಳಿಯುವವರಿದ್ದಾರೆ. ಗಾಡಿ ಸಂಖ್ಯೆ ಊರುಗಳ ಹೆಸರಿರುವ ಫಲಕದ ಮೇಲಿರುತ್ತದೆ, ಬೋಗಿಯ ಸಂಖ್ಯೆ ಗೋಡೆಗೇ ಬಳಿದಿರುತ್ತದೆ.

ನಿಜವಾದ ಸಂಖ್ಯೆ ಪಕ್ಕದ ಗೋಡೆಯ ಎರಡೂ ತುದಿಗಳಲ್ಲಿ, ವಲಯದ ಹೆಸರಿನೊಂದಿಗೆ ಇರುತ್ತದೆ. ನೈಋತ್ಯ ರೈಲ್ವೆಯದಾದರೆ ಎಸ್‌ಡಬ್ಲ್ಯೂಆರ್, ದಕ್ಷಿಣ ರೈಲ್ವೆಯದಾದರೆ ಎಸ್‌ಆರ್. ಹಳೆಯ ಐದಂಕಿಯ ಪದ್ಧತಿಯಲ್ಲಿ ಮೊದಲ ಎರಡು ಅಂಕಿ ಸಾಮಾನ್ಯವಾಗಿ ತಯಾರಾದ ವರ್ಷ, ಕೊನೆಯ ಮೂರು ಬೋಗಿಯ ಬಗೆಗೆ ಮೀಸಲಾದ ಸಾಲಿನೊಳಗಿನ ಸಂಖ್ಯೆ. ಆ ಸಾಲುಗಳು ಹೀಗಿವೆ:

- 001–025: ಎಸಿ ಮೊದಲ ದರ್ಜೆ
- 026–050: ಎಸಿ ಮೊದಲ ದರ್ಜೆ ಮತ್ತು ಎರಡು ಹಂತ ಸೇರಿದ ಬೋಗಿ
- 051–100: ಎಸಿ ಎರಡು ಹಂತ
- 101–150: ಎಸಿ ಮೂರು ಹಂತ
- 151–200: ಎಸಿ ಚೇರ್‌ಕಾರ್
- 201–400: ಸ್ಲೀಪರ್
- 401–600: ಸಾಮಾನ್ಯ ಎರಡನೇ ದರ್ಜೆ
- 601–700: ಎರಡನೇ ದರ್ಜೆಯ ಕಾಯ್ದಿರಿಸಿದ ಆಸನ
- 701–800: ಲಗೇಜು ಮತ್ತು ಗಾರ್ಡ್ ಕೊಠಡಿ ಇರುವ ಎಸ್‌ಎಲ್‌ಆರ್

800ರ ಮೇಲಿನವು ಅಡುಗೆ ಬೋಗಿ, ಪಾರ್ಸೆಲ್ ವ್ಯಾನ್ ಮುಂತಾದವಕ್ಕೆ. ಇತ್ತೀಚಿನ ಆರಂಕಿಯ ಸಂಖ್ಯೆಗಳಲ್ಲೂ ಮೊದಲ ಎರಡು ಅಂಕಿ ವರ್ಷವೇ, ಆದರೆ ಉಳಿದ ನಾಲ್ಕಕ್ಕೆ ಮೇಲಿನ ಪಟ್ಟಿಯನ್ನು ಬಳಸಬಾರದು. ಹೊಸ ಎಲ್‌ಎಚ್‌ಬಿ ಬೋಗಿಯ ಸಂಖ್ಯೆಗೆ ಈ ಪಟ್ಟಿಯನ್ನು ಹಚ್ಚಿ "ಸ್ಲೀಪರ್ ಎಂದು ಬರೆದಿದೆ, ಸಂಖ್ಯೆ ಮಾತ್ರ ಬೇರೆ ಹೇಳುತ್ತಿದೆ" ಎಂದು ಗೊಂದಲಪಡುವುದನ್ನು ಪದೇ ಪದೇ ನೋಡುತ್ತೇವೆ.

ಸಂಖ್ಯೆಯ ಹತ್ತಿರ ಅಕ್ಷರ ಸಂಕೇತವಿರುತ್ತದೆ:

```
WGSCN
WGACCN
LWACCW
```

ಇದನ್ನು ತುಂಡು ತುಂಡಾಗಿ ಓದಬೇಕು. ಆರಂಭದಲ್ಲಿ ಎಲ್ ಇದ್ದರೆ ಎಲ್‌ಎಚ್‌ಬಿ. ಡಬ್ಲ್ಯೂ ಎಂದರೆ ಬೋಗಿಯಿಂದ ಬೋಗಿಗೆ ಹಾದುಹೋಗುವ ದಾರಿ ಇದೆ. ಜಿ ಎಂದರೆ ಬೋಗಿ ತನ್ನ ವಿದ್ಯುತ್ತನ್ನು ತಾನೇ ಅಚ್ಚಿನ ಓಟದಿಂದ ಉತ್ಪಾದಿಸಿಕೊಳ್ಳುತ್ತದೆ. ಎಸ್ ಎರಡನೇ ದರ್ಜೆ, ಎಸಿ ಹವಾನಿಯಂತ್ರಿತ. ಕೊನೆಯಲ್ಲಿ ಸಿಎನ್ ಬಂದರೆ ಮೂರು ಹಂತದ ಬರ್ತ್, ಸಿಡಬ್ಲ್ಯೂ ಬಂದರೆ ಎರಡು ಹಂತ, ಸಿಝಡ್ ಬಂದರೆ ಆಸನ, ಸಿಬಿ ಬಂದರೆ ಅಡುಗೆ ಬೋಗಿ. ಡಬ್ಲ್ಯೂ ಅಕ್ಷರ ಮೊದಲಲ್ಲಿ ಬಂದಾಗ ಒಂದರ್ಥ, ಕೊನೆಯಲ್ಲಿ ಬಂದಾಗ ಇನ್ನೊಂದರ್ಥ ಎಂಬುದನ್ನು ಮರೆಯಬಾರದು.

## ಹಂತ 7: ಸಂಖ್ಯೆಯಿಂದ ಸಂಕೇತವನ್ನು, ಸಂಕೇತದಿಂದ ಸಂಖ್ಯೆಯನ್ನು ಪರೀಕ್ಷಿಸಿ

ವಿವರಣೆಗಾಗಿ ಒಂದು ಫೋಟೋವನ್ನು ಕಲ್ಪಿಸಿಕೊಳ್ಳೋಣ. ಅರಸೀಕೆರೆ ನಿಲ್ದಾಣದಲ್ಲಿ ಓರೆಯಾಗಿ ತೆಗೆದದ್ದು, ನೀಲಿ ಬೋಗಿಯೊಂದರ ತುದಿ ಚೌಕಟ್ಟಿನ ತುಂಬ ಇದೆ. ಗೋಡೆಯ ಬರಹದಲ್ಲಿ ಸಂಖ್ಯೆಯ ನಾಲ್ಕನೇ ಅಂಕಿ 3 ಇರಬಹುದು, 8 ಇರಬಹುದು. ಸಂಕೇತದ ಎರಡನೇ ಅಕ್ಷರದ ಬಣ್ಣ ಎದ್ದುಹೋಗಿದೆ. ಪ್ರಶ್ನಾರ್ಥಕ ಹಾಕಿ ಬರೆದುಕೊಂಡರೆ ಹೀಗೆ:

```
SWR 091?7
W?ACCN
```

ಮೊದಲು ರಚನೆ. ಬೋಗಿಯ ತುದಿಯಲ್ಲಿ ದುಂಡನೆಯ ಬಫರ್ ಇದೆ, ಗಾಲಿಯ ಸುತ್ತಿಗೆ ಬ್ರೇಕ್ ಕಟ್ಟೆ ಕಾಣುತ್ತಿದೆ, ಅಗಲ ಗಾಜಿನ ಕಿಟಕಿಗಳು ಎಂಟು. ಮೂರೂ ಐಸಿಎಫ್ ಎನ್ನುತ್ತಿವೆ, ಸಂಕೇತದ ಆರಂಭದಲ್ಲಿ ಎಲ್ ಇಲ್ಲದಿರುವುದೂ ಅದಕ್ಕೆ ಹೊಂದುತ್ತದೆ. ಐದಂಕಿಯ ಸಂಖ್ಯೆ, ಹಾಗಾಗಿ ಮೇಲಿನ ಪಟ್ಟಿಯನ್ನು ಬಳಸಬಹುದು.

ಈಗ ಮಸುಕಾದ ಅಂಕಿ. ಅದು 8 ಆಗಿದ್ದರೆ ಕೊನೆಯ ಮೂರು 187 ಆಗುತ್ತದೆ; ಆ ಸಂಖ್ಯೆ ಚೇರ್‌ಕಾರಿನ ಸಾಲಿಗೆ ಸೇರಿದ್ದು, ಆಗ ಸಂಕೇತದಲ್ಲಿ ಸಿಝಡ್ ಇರಬೇಕಿತ್ತು. ನಮಗೆ ಸ್ಪಷ್ಟವಾಗಿ ಕಾಣುತ್ತಿರುವುದು ಎಸಿ ಮತ್ತು ಸಿಎನ್, ಅಂದರೆ ಎಸಿ ಮೂರು ಹಂತ. ಅದರ ಸಾಲು 101ರಿಂದ 150. ಆದ್ದರಿಂದ ಅಂಕಿ 3, ಸಂಖ್ಯೆ 09137, ಬೋಗಿ 2009ರದು. ಬಾಗಿಲ ಬಳಿ ಬಿ2 ಎಂಬ ಫಲಕ ಕಂಡರೆ ಅದೂ ಇದನ್ನೇ ಸಮರ್ಥಿಸುತ್ತದೆ.

ಎದ್ದುಹೋದ ಅಕ್ಷರ ಜಿ ಇರಬೇಕು ಎಂದು ಐಸಿಎಫ್ ಎಸಿ ಬೋಗಿಗಳ ವಾಡಿಕೆಯಿಂದ ಹೇಳಬಹುದು, ಆದರೆ ಅದು ಊಹೆಯ ಅಂಕಣಕ್ಕೇ ಹೋಗಬೇಕು. ಮಸುಕಾದ ಅಂಕಿಯ ತೀರ್ಮಾನಕ್ಕೂ ಇದಕ್ಕೂ ವ್ಯತ್ಯಾಸವಿದೆ: ಅಲ್ಲಿ ಎರಡೇ ಸಾಧ್ಯತೆಗಳಿದ್ದು ಒಂದನ್ನು ಸಾಕ್ಷಿಯೇ ತಳ್ಳಿಹಾಕಿತು, ಇಲ್ಲಿ ಯಾವ ಸಾಕ್ಷಿಯೂ ಇಲ್ಲ.

ಈ ವಿಧಾನ ಎಲ್ಲ ಅಂಕಿಗಳಿಗೂ ನಡೆಯುವುದಿಲ್ಲ. ಸ್ಲೀಪರ್ ಬೋಗಿಯಲ್ಲಿ 237 ಮತ್ತು 287 ಎರಡೂ ಒಂದೇ ಸಾಲಿನಲ್ಲಿ ಬರುವುದರಿಂದ ಸಂಕೇತ ನೆರವಿಗೆ ಬಾರದು. ವರ್ಷದ ಅಂಕಿ 06 ಅಥವಾ 08 ಎಂಬ ಅನುಮಾನಕ್ಕೂ ಇದು ಉತ್ತರ ಕೊಡುವುದಿಲ್ಲ. ಆಗ ಅದೇ ಬೋಗಿಯ ಇನ್ನೊಂದು ತುದಿ ಕಾಣುವ ಫೋಟೋ ಹುಡುಕಬೇಕು, ಸಿಗದಿದ್ದರೆ ಪ್ರಶ್ನಾರ್ಥಕವನ್ನು ಹಾಗೆಯೇ ಉಳಿಸಬೇಕು.

ಇನ್ನೊಂದು ಸಂದರ್ಭ: ಸಂಖ್ಯೆ ಇದೇ 09137, ಆದರೆ ಬಫರ್ ಇಲ್ಲ, ಕಿಟಕಿ ಒಂಬತ್ತು. ಗಾಬರಿಪಡಬೇಕಾಗಿಲ್ಲ, ಮೊದಮೊದಲ ಎಲ್‌ಎಚ್‌ಬಿ ಬೋಗಿಗಳಿಗೂ ಐದಂಕಿಯ ಸಂಖ್ಯೆ ಇತ್ತು. ಆದರೆ ಆಗ ಸಂಕೇತ ಎಲ್ ಅಕ್ಷರದಿಂದ ಆರಂಭವಾಗಲೇಬೇಕು. ಹಾಗೆ ಆರಂಭವಾಗದಿದ್ದರೆ ನೀವು ಒಂದು ಬೋಗಿಯ ಕಿಟಕಿ ಎಣಿಸಿ ಪಕ್ಕದ ಬೋಗಿಯ ಬರಹ ಓದಿರುವ ಸಂಭವವೇ ಹೆಚ್ಚು. ಎರಡು ಬೋಗಿಗಳ ತುದಿಗಳು ಒಟ್ಟಿಗೆ ಬಂದ ಫೋಟೋಗಳಲ್ಲಿ ಇದು ಆಗಾಗ ನಡೆಯುತ್ತದೆ.

## ಹಂತ 8: ದಿನಾಂಕಗಳ ಬರಹದಿಂದ ಫೋಟೋದ ಕಾಲವನ್ನು ಕಟ್ಟಿಹಾಕಿ

ಬೋಗಿಯ ತುದಿಯಲ್ಲಿ ಚಿಕ್ಕ ಅಕ್ಷರಗಳಲ್ಲಿ ಇನ್ನೂ ಕೆಲವು ಬರಹಗಳಿರುತ್ತವೆ. ಪಿಒಎಚ್ ಎಂದರೆ ಕಾರ್ಖಾನೆಯಲ್ಲಿ ನಡೆದ ಸಮಗ್ರ ದುರಸ್ತಿ; ಅದರ ಜೊತೆ ಕಾರ್ಖಾನೆಯ ಸಂಕೇತ ಮತ್ತು ತಿಂಗಳು, ವರ್ಷ. ರಿಟರ್ನ್ ಎಂದು ಬರೆದ ಇನ್ನೊಂದು ದಿನಾಂಕ ಮುಂದಿನ ದುರಸ್ತಿಗೆ ಬೋಗಿ ಹಿಂದಿರುಗಬೇಕಾದ ಗಡುವು. ಮೇಲ್, ಎಕ್ಸ್‌ಪ್ರೆಸ್ ಗಾಡಿಗಳ ಐಸಿಎಫ್ ಬೋಗಿಗಳಿಗೆ ಈ ಎರಡರ ನಡುವಿನ ಅಂತರ ಸಾಮಾನ್ಯವಾಗಿ 18 ತಿಂಗಳು. ಎಲ್‌ಎಚ್‌ಬಿಯಲ್ಲಿ ಪಿಒಎಚ್ ಬದಲಿಗೆ ಎಸ್‌ಎಸ್-1, ಎಸ್‌ಎಸ್-2, ಎಸ್‌ಎಸ್-3 ಎಂಬ ದುರಸ್ತಿಯ ಮಟ್ಟಗಳನ್ನು ಬರೆದಿರುತ್ತಾರೆ.

ತಾರೀಖು ಇಲ್ಲದ ಫೋಟೋ ಕೈಗೆ ಬಂದಾಗ ಈ ಚಿಕ್ಕ ಬರಹಗಳ ಬೆಲೆ ತಿಳಿಯುತ್ತದೆ. ನಮ್ಮ ಕಲ್ಪಿತ ಬೋಗಿಯ ಮೇಲೆ ಪಿಒಎಚ್ 03/17, ರಿಟರ್ನ್ 09/18 ಎಂದಿದ್ದರೆ, ಫೋಟೋ 2017ರ ಮಾರ್ಚ್‌ಗಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ. ಮೇಲಿನ ಗಡಿ ಅಷ್ಟು ಗಟ್ಟಿಯಲ್ಲ, ಏಕೆಂದರೆ ಬೋಗಿ ಗಡುವಿನ ದಿನವೇ ಕಾರ್ಖಾನೆ ಸೇರಿ ಹೊಸ ಬರಹ ಪಡೆಯುತ್ತದೆ ಎಂದು ನಂಬುವಂತಿಲ್ಲ. ಆದರೂ ಸುಮಾರು 2018ರ ಕೊನೆಯೊಳಗಿನದು ಎಂದು ಸಮಾಧಾನದಿಂದ ಬರೆಯಬಹುದು. ರಿಟರ್ನ್ ದಿನಾಂಕವನ್ನೇ ಫೋಟೋದ ದಿನಾಂಕವೆಂದೋ, ಬೋಗಿ ತಯಾರಾದ ದಿನವೆಂದೋ ಬರೆಯುವುದು ಇಲ್ಲಿನ ದೊಡ್ಡ ತಪ್ಪು. ತಯಾರಾದ ವರ್ಷಕ್ಕೆ ಸಂಖ್ಯೆಯ ಮೊದಲ ಎರಡು ಅಂಕಿಗಳನ್ನು ಮಾತ್ರ ನೋಡಬೇಕು; ಬೋಗಿಯನ್ನು ಪುನರ್ನಿರ್ಮಿಸಿ ಹೊಸ ಸಂಖ್ಯೆ ಕೊಟ್ಟಿದ್ದರೆ ಅದೂ ಸರಿಯಾಗದಿರಬಹುದು.

ವಲಯದ ಹೆಸರೂ ಕಾಲವನ್ನು ಹೇಳುತ್ತದೆ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈಋತ್ಯ ರೈಲ್ವೆ ಕಾರ್ಯಾರಂಭ ಮಾಡಿದ್ದು 2003ರಲ್ಲಿ. ಅದಕ್ಕೆ ಮೊದಲು ಬೆಂಗಳೂರು, ಮೈಸೂರು ವಿಭಾಗಗಳು ದಕ್ಷಿಣ ರೈಲ್ವೆಯಲ್ಲೂ ಹುಬ್ಬಳ್ಳಿ ವಿಭಾಗ ದಕ್ಷಿಣ ಮಧ್ಯ ರೈಲ್ವೆಯಲ್ಲೂ ಇದ್ದವು. ಎಸ್‌ಡಬ್ಲ್ಯೂಆರ್ ಎಂದು ಬರೆದ ಬೋಗಿಯ ಸಂಖ್ಯೆ 96ರಿಂದ ಆರಂಭವಾಗಿದ್ದರೆ ಅದರಲ್ಲಿ ವಿರೋಧವೇನೂ ಇಲ್ಲ: ಬೋಗಿ 1996ರದು, ವಲಯದ ಹೆಸರು ಆಮೇಲೆ ಬಳಿದದ್ದು, ಫೋಟೋ 2003ರ ನಂತರದ್ದು. ಇದಕ್ಕೆ ತಿರುಗುಮುರುಗಾದ ತರ್ಕವನ್ನು ಮಾತ್ರ ಮಾಡಬಾರದು. ಬೆಂಗಳೂರಿನಲ್ಲಿ ತೆಗೆದ ಫೋಟೋದಲ್ಲಿ ಎಸ್‌ಆರ್ ಎಂದು ಬರೆದ ಬೋಗಿ ಕಂಡರೆ ಅದು 2003ರ ಹಿಂದಿನದು ಎನ್ನಲಾಗದು, ಏಕೆಂದರೆ ದಕ್ಷಿಣ ರೈಲ್ವೆಯ ಬೋಗಿಗಳು ಇವತ್ತಿಗೂ ಚೆನ್ನೈ ಕಡೆಯಿಂದ ದಿನವೂ ಬೆಂಗಳೂರಿಗೆ ಬರುತ್ತಿವೆ.